ನ್ಯೂಟ್ರಲ್ ಪಕ್ಕದ ಬೆಂಕಿ

33 ಕೆ.ವಿ. ಕಡೆಯ ಆಂಪಿಯರ್ ಮೀಟರಿನ ಮುಳ್ಳು 175ರ ಹತ್ತಿರ ನಿಂತಿದೆ. ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡ್ ಹೊತ್ತು ಎಂದಿನ ಹಾಗೆ ಗುಂಯ್‌ಗುಡುತ್ತಿದೆ. ಈಗ ಅದರ ಎಣ್ಣೆಯೊಳಗೆ, 11 ಕೆ.ವಿ. ಸುರುಳಿಯ ಬುಡದ ಕಡೆ, ತಾಮ್ರದ ಪಟ್ಟಿಗೆ ಸುತ್ತಿದ ಕಾಗದ ಹಳೆಯದಾಗಿ ಹರಿದು, ತಾಮ್ರವು ಕಬ್ಬಿಣದ ಕೋರಿಗೆ ತಾಗಿತು ಎಂದುಕೊಳ್ಳಿ. ತಾಗಿದ ಜಾಗದಲ್ಲಿ ನೂರು ಆಂಪಿಯರಿನ ಕಿಡಿ ಹೊತ್ತಿಕೊಂಡಿದೆ. ಕೋರಿನ ತೆಳುವಾದ ತಗಡುಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತಿವೆ. ಇಷ್ಟೆಲ್ಲ ಆದಾಗ ಹೊರಗಿನ ಮುಳ್ಳು ಎಷ್ಟು ಅಲುಗುತ್ತದೆ? ಸುಮಾರು ನಾಲ್ಕು ಆಂಪಿಯರ್‌ನಷ್ಟು. ಕಾರ್ಖಾನೆಯಲ್ಲಿ ಯಾರೋ ಒಂದು ಮೋಟಾರ್ ಹಾಕಿದರೂ ಅಷ್ಟು ಅಲುಗುತ್ತದೆ.

ಒಳಗೆ ನೂರು, ಹೊರಗೆ ನಾಲ್ಕು. ಈ ಅಂತರ ಎಲ್ಲಿಂದ ಬಂತು ಎಂದು ತಿಳಿದರೆ, ಇಂಥ ಬೆಂಕಿಯನ್ನು ಕಂಡುಹಿಡಿಯಲೆಂದೇ ಇರುವ ಒಂದು ರಕ್ಷಣೆಯ ಮರ್ಮವೂ ತಿಳಿಯುತ್ತದೆ. ಅದರ ಪೂರ್ತಿ ಹೆಸರು ರಿಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್ ಪ್ರೊಟೆಕ್ಷನ್. ಸ್ಟೇಷನ್‌ಗಳಲ್ಲಿ ಎಲ್ಲರೂ ಆರ್.ಇ.ಎಫ್. ಎನ್ನುತ್ತಾರೆ. ರಿಲೇ ಪರೀಕ್ಷೆಯ ಕೆಲಸದಲ್ಲಿ ವರ್ಷಗಟ್ಟಲೆ ಕಳೆದ ನನಗೆ, ಇಷ್ಟು ಸರಳವಾದ ಇನ್ನೊಂದು ಉಪಾಯ ಆ ಕೆಲಸದಲ್ಲಿ ಕಂಡಿಲ್ಲ.

ಲೆಕ್ಕಕ್ಕೆ ಒಂದು ಟ್ರಾನ್ಸ್‌ಫಾರ್ಮರ್ ಹಿಡಿಯೋಣ. 10 ಎಂ.ವಿ.ಎ. ಸಾಮರ್ಥ್ಯ, 33 ಕೆ.ವಿ.ಯನ್ನು 11 ಕೆ.ವಿ.ಗೆ ಇಳಿಸುವಂಥದ್ದು, ದೊಡ್ಡ ಕಾರ್ಖಾನೆಯ ಅಂಗಳದಲ್ಲಿ ಕಾಣುವ ಗಾತ್ರದ್ದು. ಪೂರ್ತಿ ಲೋಡಿನಲ್ಲಿ 33 ಕೆ.ವಿ. ಕಡೆ 175 ಆಂಪಿಯರ್, 11 ಕೆ.ವಿ. ಕಡೆ 525 ಆಂಪಿಯರ್ ಹರಿಯುತ್ತದೆ. 33 ಕೆ.ವಿ. ಸುರುಳಿಗಳು ಡೆಲ್ಟಾ, ಅಂದರೆ ತ್ರಿಕೋನವಾಗಿ ಜೋಡಿಸಿದವು. 11 ಕೆ.ವಿ. ಸುರುಳಿಗಳು ಸ್ಟಾರ್: ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಬಿಂದುವಿನಲ್ಲಿ ಸೇರುತ್ತದೆ, ಇನ್ನೊಂದೊಂದು ತುದಿ ಆರ್, ವೈ, ಬಿ ಫೇಸ್‌ಗಳಾಗಿ ಹೊರಗೆ ಹೋಗುತ್ತದೆ. ಮೂರೂ ಸೇರುವ ಬಿಂದುವೇ ನ್ಯೂಟ್ರಲ್. ಫೇಸ್ ತುದಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 6,350 ವೋಲ್ಟ್. ನ್ಯೂಟ್ರಲ್‌ನಿಂದ ಒಂದು ಪಟ್ಟಿ ಇಳಿದು, ಸುಮಾರು 12 ಓಂನ ಒಂದು ರೆಸಿಸ್ಟರ್ ಮೂಲಕ ಭೂಮಿ ಸೇರುತ್ತದೆ. ಯಾವ ಫೇಸ್ ನೆಲಕ್ಕೆ ತಾಗಿದರೂ ಕರೆಂಟ್ 525 ಆಂಪಿಯರ್ ದಾಟದಂತೆ ತಡೆಯುವುದು ಆ ರೆಸಿಸ್ಟರಿನ ಕೆಲಸ.

ಸುರುಳಿಯನ್ನು ಒಂದು ಏಣಿ ಎಂದು ನೋಡಿ. ಬುಡ ನ್ಯೂಟ್ರಲ್, ತುದಿ ಫೇಸ್. ವೋಲ್ಟೇಜು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ತುದಿಯಲ್ಲೇ ಕೋರಿಗೆ ತಾಗಿದರೆ ಪೂರ್ತಿ 6,350 ವೋಲ್ಟ್ ಆ ರೆಸಿಸ್ಟರಿನ ಮೇಲೆ ಬಿದ್ದು 525 ಆಂಪಿಯರ್ ಹರಿಯುತ್ತದೆ. ಬುಡದಿಂದ ಐದನೇ ಒಂದು ಎತ್ತರದಲ್ಲಿ ತಾಗಿದರೆ ತಳ್ಳುವ ವೋಲ್ಟೇಜು ಐದನೇ ಒಂದು, ಕರೆಂಟೂ ಐದನೇ ಒಂದು: 105 ಆಂಪಿಯರ್. ಅದು ಹರಿಯುವ ದಾರಿ ಹೀಗೆ: ಸುರುಳಿಯ ಕೆಳಭಾಗದಿಂದ ಕೋರಿಗೆ, ಕೋರಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಭೂಮಿಗೆ, ಭೂಮಿಯಿಂದ ರೆಸಿಸ್ಟರ್ ಹತ್ತಿ ಮತ್ತೆ ನ್ಯೂಟ್ರಲ್‌ಗೆ. ಫೇಸ್ ತಂತಿಗಳ ಕಡೆಗೆ ಅದು ಹೋಗುವುದೇ ಇಲ್ಲ.

ಇನ್ನು ಈ 105 ಆಂಪಿಯರ್ 33 ಕೆ.ವಿ. ಕಡೆ ಹೇಗೆ ಕಾಣುತ್ತದೆ? ಟ್ರಾನ್ಸ್‌ಫಾರ್ಮರಿನಲ್ಲಿ ಒಂದು ಕಡೆಯ ಕರೆಂಟ್ ಇನ್ನೊಂದು ಕಡೆ ಕಾಣುವುದು ಸುತ್ತುಗಳ ಲೆಕ್ಕದಲ್ಲಿ. ಎಷ್ಟು ಸುತ್ತುಗಳಲ್ಲಿ ಹರಿಯಿತೋ ಅಷ್ಟಕ್ಕೆ ತಕ್ಕಷ್ಟು ಮಾತ್ರ ಆ ಕಡೆಯಿಂದ ಎಳೆದುಕೊಳ್ಳುತ್ತದೆ. ಇಲ್ಲಿ ಕರೆಂಟ್ ಹರಿದದ್ದು ಐದನೇ ಒಂದು ಭಾಗ ಸುತ್ತುಗಳಲ್ಲಿ. ಕರೆಂಟ್ ಮೊದಲೇ ಐದನೇ ಒಂದು ಆಗಿತ್ತು, ಈಗ ಅದರಲ್ಲೂ ಐದನೇ ಒಂದು. ಒಟ್ಟು ಇಪ್ಪತ್ತೈದನೇ ಒಂದು. ತುದಿಯಲ್ಲಿ ತಾಗಿದ್ದರೆ 33 ಕೆ.ವಿ. ಕಡೆ ಸುಮಾರು 101 ಆಂಪಿಯರ್ ಬರುತ್ತಿತ್ತು. ಐದನೇ ಒಂದರಲ್ಲಿ ಬರುವುದು 4. ಹತ್ತನೇ ಒಂದರಲ್ಲಿ ತಾಗಿದರೆ ಒಳಗೆ 52 ಆಂಪಿಯರ್, ಹೊರಗೆ ಬರೀ ಒಂದು. ದೋಷ ನ್ಯೂಟ್ರಲ್ ಕಡೆ ಇಳಿದಂತೆ ಒಳಗಿನ ಕರೆಂಟ್ ನೇರ ಪ್ರಮಾಣದಲ್ಲಿ ಇಳಿಯುತ್ತದೆ, ಹೊರಗೆ ಕಾಣುವುದು ವರ್ಗದ ಪ್ರಮಾಣದಲ್ಲಿ ಕುಸಿಯುತ್ತದೆ. ನ್ಯೂಟ್ರಲ್ ಪಕ್ಕದ ದೋಷ ಕಣ್ಣು ತಪ್ಪಿಸಿಕೊಳ್ಳುವುದು ಈ ಎರಡು ಪಟ್ಟು ಇಳಿತದಿಂದ.

ಟ್ರಾನ್ಸ್‌ಫಾರ್ಮರಿಗೆ ಡಿಫರೆನ್ಷಿಯಲ್ ರಕ್ಷಣೆ ಇರುತ್ತದಲ್ಲ ಎಂದು ತಿಳಿದವರು ಕೇಳುತ್ತಾರೆ. ಇರುತ್ತದೆ. ಒಳಗೆ ಬಂದದ್ದನ್ನೂ ಹೊರಗೆ ಹೋದದ್ದನ್ನೂ ತಾಳೆ ನೋಡುವ ಈ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಮರ್ಜ್ ಮತ್ತು ಬರ್ನಾರ್ಡ್ ಪ್ರೈಸ್ 1904ರಲ್ಲೇ ತಂದಿದ್ದರು. ಆದರೆ ಅದು 33 ಕೆ.ವಿ. ಕಡೆಯನ್ನೂ 11 ಕೆ.ವಿ. ಕಡೆಯನ್ನೂ ಹೋಲಿಸುವಂಥದ್ದು. ಟ್ಯಾಪ್ ಬದಲಾದಂತೆ ಈ ಎರಡರ ಅನುಪಾತವೇ ಬದಲಾಗುವುದರಿಂದ ಸ್ವಲ್ಪ ವ್ಯತ್ಯಾಸವನ್ನು ಅದು ಸಹಿಸಿಕೊಳ್ಳಲೇಬೇಕು. ಶೇಕಡಾ 20 ಎಂದು ಇಟ್ಟರೆ, 33 ಕೆ.ವಿ. ಕಡೆ 35 ಆಂಪಿಯರ್ ಹೆಚ್ಚುವ ತನಕ ಅದು ಮಾತಾಡುವುದಿಲ್ಲ. ಮೇಲಿನ ವರ್ಗದ ಲೆಕ್ಕದಲ್ಲಿ 35 ಆಂಪಿಯರ್ ಬರಬೇಕಾದರೆ ದೋಷವು ಬುಡದಿಂದ ಶೇಕಡಾ 59ರಷ್ಟು ಮೇಲಿರಬೇಕು. ಅಂದರೆ ಸುರುಳಿಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ನೆಲಕ್ಕೆ ತಾಗಿದರೂ ಅದಕ್ಕೆ ಕಾಣದು. ಈ ಲೆಕ್ಕವನ್ನು ಮೊದಲ ಸಲ ಕಾಗದದ ಮೇಲೆ ಮಾಡಿದಾಗ ಎಲ್ಲೋ ತಪ್ಪಿದ್ದೇನೆ ಎಂದುಕೊಂಡು ಮತ್ತೆ ಮಾಡಿದ್ದು ನನಗಿನ್ನೂ ನೆನಪಿದೆ.

ನಮಗೆ ಬೇಕಾದ 105 ಆಂಪಿಯರ್ ಎಲ್ಲೂ ಮರೆಯಾಗಿಲ್ಲ. ಅದು ನ್ಯೂಟ್ರಲ್‌ನಿಂದ ರೆಸಿಸ್ಟರಿಗೆ ಇಳಿಯುವ ಪಟ್ಟಿಯಲ್ಲಿ ಪೂರ್ತಿಯಾಗಿ ಹರಿಯುತ್ತಿದೆ. ಲೋಡ್ ಎಷ್ಟೇ ಇರಲಿ, ಮೂರು ಫೇಸ್‌ಗಳ ಲೋಡ್ ಕರೆಂಟ್ ಆ ಪಟ್ಟಿಗೆ ಬರುವುದಿಲ್ಲ. ದಿನವಿಡೀ ಹೆಚ್ಚುಕಡಿಮೆ ಸೊನ್ನೆ ಇರುವ ಆ ಜಾಗದಲ್ಲಿ 105 ಆಂಪಿಯರ್ ಎಂದರೆ ಕೂಗಿ ಹೇಳಿದ ಹಾಗೆ. ಹಾಗಾದರೆ ಅಲ್ಲೊಂದು ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿ.ಟಿ., ಹಾಕಿ ರಿಲೇ ಕಟ್ಟಿದರೆ ಸಾಲದೇ?

ಸಾಲದು. ಊರಾಚೆಯ ಪಂಪ್‌ಹೌಸಿಗೆ ಹೋಗುವ 11 ಕೆ.ವಿ. ತಂತಿ ಮಳೆಗಾಲದಲ್ಲಿ ಮರದ ಕೊಂಬೆಗೆ ತಾಗಿದರೂ ಅದರ ಕರೆಂಟ್ ಭೂಮಿಯ ಮೂಲಕ ಬಂದು ಇದೇ ಪಟ್ಟಿಯನ್ನು ಹತ್ತುತ್ತದೆ. ಬರೀ ನ್ಯೂಟ್ರಲ್ ನೋಡುವ ರಿಲೇಗೆ ಬೆಂಕಿ ಮನೆಯೊಳಗೋ ಹೊಲದಲ್ಲೋ ಗೊತ್ತಾಗದು. ಆದ್ದರಿಂದ ಅದು ಫೀಡರಿನ ರಿಲೇ ಮೊದಲು ತನ್ನ ಕೆಲಸ ಮಾಡಲಿ ಎಂದು ಕಾಯಬೇಕು. ಹಾಗೆ ಕಾಯುವ ಒಂದೆರಡು ಸೆಕೆಂಡುಗಳಲ್ಲಿ ಕೋರಿನ ತಗಡು ಕರಗುತ್ತಿರುತ್ತದೆ. ತಗಡು ಬೆಸೆದುಕೊಂಡರೆ ಸುರುಳಿ ಬದಲಿಸಿದರೆ ಮುಗಿಯುವುದಿಲ್ಲ, ಕೋರನ್ನೇ ಬಿಚ್ಚಿ ಹೊಸ ತಗಡು ಜೋಡಿಸಬೇಕಾಗುತ್ತದೆ.

ಆರ್.ಇ.ಎಫ್. ಮಾಡುವುದು ಇಷ್ಟೆ: ನ್ಯೂಟ್ರಲ್ ಸಿ.ಟಿ.ಯ ಜೊತೆಗೆ ಮೂರು ಫೇಸ್‌ಗಳ ಹೊರಬಾಗಿಲಿನಲ್ಲೂ ಒಂದೊಂದು ಸಿ.ಟಿ. ಇಟ್ಟು, ನಾಲ್ಕನ್ನೂ ಸಮಾನಾಂತರವಾಗಿ ಕಟ್ಟಿ, ನಡುವೆ ಒಂದು ರಿಲೇ ಇಡುತ್ತದೆ. ಪಂಪ್‌ಹೌಸ್ ತಂತಿ ಮರಕ್ಕೆ ತಾಗಿತು ಎನ್ನಿ. 300 ಆಂಪಿಯರ್ ನ್ಯೂಟ್ರಲ್‌ನಿಂದ ಸುರುಳಿಗೆ ಬರುತ್ತದೆ, ಅದೇ 300 ಆಂಪಿಯರ್ ಫೇಸ್ ತಂತಿಯಿಂದ ಹೊರಗೆ ಹೋಗುತ್ತದೆ. ನ್ಯೂಟ್ರಲ್ ಸಿ.ಟಿ. ಕೊಟ್ಟದ್ದನ್ನು ಫೇಸ್ ಸಿ.ಟಿ. ಎಳೆದುಕೊಳ್ಳುತ್ತದೆ, ರಿಲೇಗೆ ಏನೂ ಉಳಿಯುವುದಿಲ್ಲ. ದೋಷ ಸುರುಳಿಯ ಒಳಗೇ ಇದ್ದರೆ ನ್ಯೂಟ್ರಲ್‌ನಿಂದ ಬಂದದ್ದು ಕೋರಿನ ಕಡೆ ಸೋರಿಹೋಗುತ್ತದೆ. ಫೇಸ್ ಸಿ.ಟಿ.ಗಳಿಗೆ ಅದರ ಸುದ್ದಿಯೇ ಇಲ್ಲ. ತಾಳೆಯಾಗದೆ ಉಳಿದದ್ದೆಲ್ಲ ರಿಲೇಗೆ ಬರುತ್ತದೆ, ರಿಲೇ ತಕ್ಷಣ ಎರಡೂ ಕಡೆಯ ಬ್ರೇಕರ್‌ಗಳನ್ನು ಬಿಡಿಸುತ್ತದೆ. ನಾಲ್ಕು ಸಿ.ಟಿ.ಗಳ ನಡುವಿನ ಜಾಗಕ್ಕಷ್ಟೇ ಸೀಮಿತವಾದ್ದರಿಂದ ಅದು ಯಾರಿಗೂ ಕಾಯಬೇಕಿಲ್ಲ. ಹೆಸರಿನ 'ರಿಸ್ಟ್ರಿಕ್ಟೆಡ್' ಎಂಬ ಮಾತಿನ ಅರ್ಥ ಇದೇ. ಈಚೆಗೆ ಕಟ್ಟಿದ ಮನೆಗಳಲ್ಲಿ ಮೀಟರ್ ಬೋರ್ಡಿನ ಪಕ್ಕ ಇರುವ ಆರ್.ಸಿ.ಸಿ.ಬಿ. ಮಾಡುವುದೂ ಇದನ್ನೇ: ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಮರಳಿತೇ ಎಂದು ನೋಡಿ, 30 ಮಿಲಿ ಆಂಪಿಯರ್ ತಪ್ಪಿದರೂ ಬಿಡಿಸಿಬಿಡುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಹೋಲಿಕೆ ಒಂದೇ ಸುರುಳಿಯ ಎರಡು ತುದಿಗಳ ನಡುವೆ ನಡೆಯುತ್ತದೆ. ಟ್ಯಾಪ್ ಬದಲಾದರೂ, 33 ಕೆ.ವಿ. ಕಡೆ ಏನೇ ಆದರೂ ಈ ತಾಳೆ ಕೆಡುವುದಿಲ್ಲ. ಹಾಗಾಗಿ ರಿಲೇಯನ್ನು ಬಹಳ ಸೂಕ್ಷ್ಮವಾಗಿ ಇಡಬಹುದು. ನಮ್ಮ ಟ್ರಾನ್ಸ್‌ಫಾರ್ಮರಿಗೆ 600/1 ಸಿ.ಟಿ. ಹಾಕಿ ರಿಲೇಯನ್ನು 0.1 ಆಂಪಿಯರಿಗೆ ಇಟ್ಟರೆ, ಮೇಲ್ನೋಟಕ್ಕೆ 60 ಆಂಪಿಯರಿಗೆ ಕೆಲಸ ಮಾಡಬೇಕು. ನಿಜದಲ್ಲಿ ಸ್ವಲ್ಪ ಹೆಚ್ಚು ಬೇಕು. ರಿಲೇ ಕೆಲಸ ಮಾಡುವ ಹೊತ್ತಿಗೆ ನಾಲ್ಕೂ ಸಿ.ಟಿ.ಗಳ ಮೇಲೆ ವೋಲ್ಟೇಜು ಏರಿ, ಒಂದೊಂದೂ ತನ್ನ ಕೋರನ್ನು ಎಚ್ಚರಿಸಲು ಐದು ಮಿಲಿ ಆಂಪಿಯರಿನಷ್ಟು ಕುಡಿಯುತ್ತದೆ ಎಂದರೆ, ಒಟ್ಟು 0.12 ಆಂಪಿಯರ್; 600ರಿಂದ ಗುಣಿಸಿದರೆ 72 ಆಂಪಿಯರ್. ಐದನೇ ಒಂದರ ದೋಷ 105 ಆಂಪಿಯರ್ ಕೊಡುತ್ತದೆ, ಆದ್ದರಿಂದ ಸಿಕ್ಕಿಬಿತ್ತು. ಡಿಫರೆನ್ಷಿಯಲ್‌ಗೆ ಕೆಳಗಿನ ಶೇಕಡಾ 59 ಕಾಣದಿದ್ದರೆ, ಆರ್.ಇ.ಎಫ್.ಗೆ ಕಾಣದೆ ಉಳಿಯುವುದು ಕೆಳಗಿನ ಶೇಕಡಾ 14ರಷ್ಟು ಮಾತ್ರ.

ಆ ಶೇಕಡಾ 14 ಉಳಿಯುತ್ತದೆ ಎನ್ನುವುದನ್ನು ಮುಚ್ಚಿಡಬಾರದು. ನ್ಯೂಟ್ರಲ್ ಬಿಂದುವೇ ಕೋರಿಗೆ ತಾಗಿದರೆ ತಳ್ಳುವ ವೋಲ್ಟೇಜೇ ಇಲ್ಲ, ಕರೆಂಟೂ ಇಲ್ಲ, ಕರೆಂಟ್ ನೋಡುವ ಯಾವ ರಿಲೇಗೂ ಅದು ಕಾಣದು. ಬುಡದ ಆ ಚೂರಿಗೆ ಗಟ್ಟಿ ಕಾವಲು ಎಂದರೆ ಕೊಳವೆಯಲ್ಲಿ ಕೂತ ಬುಖೋಲ್ಜ್ ರಿಲೇ. ಕಿಡಿಯಿಂದ ಎಣ್ಣೆ ಒಡೆದು ಹುಟ್ಟುವ ಅನಿಲವನ್ನು ಅದು ಹಿಡಿಯುತ್ತದೆ, ಆದರೆ ಅನಿಲ ಕೂಡುವವರೆಗೆ ಕಾಯಬೇಕು. ಭೂಮಿಗೆ ತಾಗದೆ ಸುರುಳಿಯ ಎರಡು ಸುತ್ತುಗಳು ಒಂದಕ್ಕೊಂದು ತಾಗಿದರೂ ಆರ್.ಇ.ಎಫ್.ಗೆ ಗೊತ್ತಾಗದು. ನ್ಯೂಟ್ರಲ್ ರೆಸಿಸ್ಟರಿನ ಒಳಗಿನ ಪಟ್ಟಿ ತುಕ್ಕು ಹಿಡಿದು ಕಡಿದುಹೋಗಿದ್ದರೂ ಅಷ್ಟೆ: ದಾರಿಯೇ ಇಲ್ಲದ ಮೇಲೆ ಕರೆಂಟ್ ಎಲ್ಲಿಂದ ಬರಬೇಕು?

ರೆಸಿಸ್ಟರ್ ಇಲ್ಲದೆ ನ್ಯೂಟ್ರಲ್ಲನ್ನು ನೇರವಾಗಿ ಭೂಮಿಗೆ ಕಟ್ಟಿದ ಕಡೆ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಕರೆಂಟನ್ನು ತಡೆಯುವುದು ಸುರುಳಿಯದೇ ರಿಯಾಕ್ಟೆನ್ಸ್. ಬುಡಕ್ಕೆ ಇಳಿದಂತೆ ಅದೂ ಇಳಿಯುವುದರಿಂದ ದೋಷದ ಕರೆಂಟ್ ಎಲ್ಲೆಡೆ ದೊಡ್ಡದಾಗಿಯೇ ಇರುತ್ತದೆ, ನ್ಯೂಟ್ರಲ್ ಪಕ್ಕದಲ್ಲಂತೂ ಇನ್ನೂ ಏರುತ್ತದೆ. ಸುರುಳಿಯ ಬಹುಪಾಲಿಗೆ ಡಿಫರೆನ್ಷಿಯಲ್ ಕೂಡ ಸಾಕಾಗುತ್ತದೆ. ಆದರೆ ಬುಡದ ಕೆಲವೇ ಸುತ್ತುಗಳಲ್ಲಿ ಸಾವಿರಾರು ಆಂಪಿಯರ್ ಸುತ್ತುತ್ತಿದ್ದರೂ, ಸುತ್ತುಗಳು ಕಡಿಮೆಯಾದ್ದರಿಂದ ಆಚೆ ಕಡೆ ಕಾಣುವುದು ಸಣ್ಣದು. ಅಲ್ಲಿ ಆರ್.ಇ.ಎಫ್. ಬೇಕೇ ಬೇಕು, ಅದೂ ಬೇಗ ಬೇಕು.

ಇಷ್ಟು ಸೂಕ್ಷ್ಮವಾದ ರಿಲೇ ಸುಮ್ಮಸುಮ್ಮನೆ ಬೆಚ್ಚಿಬೀಳದಂತೆ ಮಾಡುವುದೇ ನಿಜವಾದ ಕುಶಲತೆ. ಹೊರಗೆ ಮೂರೂ ಫೇಸ್ ಒಟ್ಟಿಗೆ ಶಾರ್ಟ್ ಆಯಿತು ಎನ್ನಿ. ನಮ್ಮ ಟ್ರಾನ್ಸ್‌ಫಾರ್ಮರಿನಿಂದ ಆರು ಸಾವಿರದ ಮುನ್ನೂರು ಆಂಪಿಯರಿನಷ್ಟು ನುಗ್ಗುತ್ತದೆ. ಮೂರು ಫೇಸ್ ಸಿ.ಟಿ.ಗಳಲ್ಲಿ ಒಂದರ ಕೋರ್ ಆ ಹೊಡೆತಕ್ಕೆ ತುಂಬಿಹೋಗಿ, ಸ್ಯಾಚುರೇಟ್ ಆಗಿ, ಕೊಡಬೇಕಾದ ಕರೆಂಟ್ ಕೊಡದೆ ಮಲಗಿಬಿಡುತ್ತದೆ. ಉಳಿದೆರಡು ಕೊಟ್ಟ 10.5 ಆಂಪಿಯರ್ ಈಗ ಎಲ್ಲಿ ಹೋಗಬೇಕು? ಮಲಗಿದ ಸಿ.ಟಿ. ಬರೀ ತಂತಿಯ ಹಾಗೆ. ಅದರ ಸುರುಳಿ 3 ಓಂ, ಅಲ್ಲಿಗೆ ಹೋಗಿ ಬರುವ ಕೇಬಲ್ 1 ಓಂ ಇದ್ದರೆ ಆ ದಾರಿಯ ತಡೆ ಒಟ್ಟು 4 ಓಂ. ರಿಲೇ ಬರಿಗೈಯಲ್ಲಿ ನಿಂತಿದ್ದರೆ ಅದಕ್ಕೂ ದೊಡ್ಡ ಪಾಲು ಹೋಗಿ, ಏನೂ ಆಗದ ಟ್ರಾನ್ಸ್‌ಫಾರ್ಮರ್ ಟ್ರಿಪ್ ಆಗುತ್ತಿತ್ತು. ಅದಕ್ಕೇ ರಿಲೇಯ ಜೊತೆ ಸರಣಿಯಲ್ಲಿ ಸುಮಾರು 450 ಓಂನ ಒಂದು ರೆಸಿಸ್ಟರ್ ಕಟ್ಟುತ್ತಾರೆ. 10.5 ಆಂಪಿಯರ್ 4 ಓಂನಲ್ಲಿ ಹರಿದರೆ 42 ವೋಲ್ಟ್. ಆ 42 ವೋಲ್ಟು 450 ಓಂ ಮೂಲಕ ತಳ್ಳುವುದು 93 ಮಿಲಿ ಆಂಪಿಯರ್. ರಿಲೇ ಎದ್ದೇಳುವುದು 100ಕ್ಕೆ. ಸಿ.ಟಿ. ಪೂರ್ತಿ ಕೈಕೊಟ್ಟರೂ ರಿಲೇ ಅಲುಗುವುದಿಲ್ಲ.

ದೋಷ ನಿಜವಾಗಿ ಒಳಗಿದ್ದರೋ? ಆಗ ಫೇಸ್ ಸಿ.ಟಿ.ಗಳು ಸ್ಯಾಚುರೇಟ್ ಆಗಿರುವುದಿಲ್ಲ. ಅವುಗಳ ಕೋರ್ ಖಾಲಿ ಇರುತ್ತದೆ, ಆ ದಾರಿಯ ತಡೆ ಸಾವಿರಾರು ಓಂ. ನ್ಯೂಟ್ರಲ್ ಸಿ.ಟಿ. ತನ್ನ ಕರೆಂಟನ್ನು 450 ಓಂ ದಾಟಿಸಿ ರಿಲೇಗೇ ತಳ್ಳಬೇಕಾಗುತ್ತದೆ. ಹಾಗೆ ತಳ್ಳುವ ಶಕ್ತಿ ಅದಕ್ಕಿರಬೇಕು ಎಂದೇ ಈ ಕೆಲಸದ ಸಿ.ಟಿ.ಗಳಿಗೆ 90–100 ವೋಲ್ಟಿಗೂ ಮೀರಿದ ನೀ ಪಾಯಿಂಟ್ ಕೇಳುತ್ತಾರೆ. ದೊಡ್ಡ ದೋಷಗಳಲ್ಲಿ ವೋಲ್ಟೇಜು ಸಾವಿರಗಳಿಗೆ ಏರಿ ತಂತಿಯ ಇನ್ಸುಲೇಷನ್ ಸೀಳದಂತೆ ಪಕ್ಕದಲ್ಲಿ ಒಂದು ಮೆಟ್ರೋಸಿಲ್ ಬಿಲ್ಲೆಯೂ ಇರುತ್ತದೆ. ಈಗಿನ ನ್ಯೂಮೆರಿಕಲ್ ರಿಲೇಗಳಲ್ಲಿ ಈ ರೆಸಿಸ್ಟರ್ ಇಲ್ಲದೆಯೂ, ಲೆಕ್ಕದಿಂದಲೇ ಇದನ್ನು ಸಾಧಿಸುವ ಬಗೆ ಇದೆ. ಹಾದುಹೋಗುವ ಕರೆಂಟ್ ಹೆಚ್ಚಿದಂತೆ ಅವು ತಮ್ಮ ಮಿತಿಯನ್ನು ತಾವೇ ಏರಿಸಿಕೊಳ್ಳುತ್ತವೆ.

ಉತ್ತರ ಕರ್ನಾಟಕದ ಒಂದು ಕಾರ್ಖಾನೆಯಿಂದ ಒಮ್ಮೆ ಕರೆ ಬಂತು. ಮಳೆ ಹನಿದರೆ ಸಾಕು, ಪಂಪ್‌ಹೌಸಿನ ಫೀಡರ್ ಟ್ರಿಪ್ ಆಗುತ್ತಿತ್ತು. ಅದರ ಜೊತೆಗೇ ಟ್ರಾನ್ಸ್‌ಫಾರ್ಮರೂ ಆರ್.ಇ.ಎಫ್. ತೋರಿಸಿ ಟ್ರಿಪ್ ಆಗಿ ಇಡೀ ಕಾರ್ಖಾನೆ ಕತ್ತಲಾಗುತ್ತಿತ್ತು. ಹೋಗಿ ನಿಂತ ಕೂಡಲೇ ಅಲ್ಲಿನ ಹಿರಿಯ ಎಲೆಕ್ಟ್ರಿಷಿಯನ್, "ಸರ, ಟ್ರಾನ್ಸ್‌ಫಾರ್ಮರ್ ಒಳಗ ಏನೋ ಆಗೇತ್ರಿ, ಬಿಚ್ಚಿಸಬೇಕ್ರಿ" ಅಂದರು. ಎಣ್ಣೆಯ ಪರೀಕ್ಷೆ ಚೆನ್ನಾಗಿತ್ತು. ಮೆಗ್ಗರ್ ಚೆನ್ನಾಗಿತ್ತು. ಬುಖೋಲ್ಜ್‌ನಲ್ಲಿ ಅನಿಲದ ಗುಳ್ಳೆಯೂ ಇರಲಿಲ್ಲ. ಟ್ರಾನ್ಸ್‌ಫಾರ್ಮರಿನೊಳಗೆ ಬೆಂಕಿ ಇದ್ದರೆ ಇವುಗಳಲ್ಲಿ ಒಂದಾದರೂ ಹೇಳಬೇಕಿತ್ತು.

"ಈಚೆಗೆ ಇಲ್ಲಿ ಏನಾದರೂ ಬದಲಿಸಿದ್ರಾ?" ಎಂದು ಕೇಳಿದೆ.

"ನ್ಯೂಟ್ರಲ್ ಸಿ.ಟಿ. ಹಾಳಾಗಿತ್ರಿ ಸರ. ಬ್ಯಾಸಗ್ಯಾಗ ಹೊಸಾದು ಹಾಕೇವಿ."

ಪಂಪ್‌ಹೌಸಿನ ದೋಷಕ್ಕೆ ಟ್ರಾನ್ಸ್‌ಫಾರ್ಮರ್ ಏಕೆ ಬೀಳುತ್ತಿದೆ ಎಂಬುದಕ್ಕೆ ಅಲ್ಲೇ ಉತ್ತರದ ತುದಿ ಸಿಕ್ಕಿತು. ಟ್ರಾನ್ಸ್‌ಫಾರ್ಮರನ್ನು ಬಂದ್ ಮಾಡಿಸಿ, ಒಂದು ಇಂಜೆಕ್ಷನ್ ಸೆಟ್ಟಿನಿಂದ 30 ಆಂಪಿಯರ್ ಕರೆಂಟನ್ನು ಆರ್ ಫೇಸ್ ಸಿ.ಟಿ. ಮೂಲಕವೂ ನ್ಯೂಟ್ರಲ್ ಸಿ.ಟಿ. ಮೂಲಕವೂ ಸರಣಿಯಲ್ಲಿ ಹಾಯಿಸಿದೆವು. ಹೊರಗಿನ ದೋಷದಲ್ಲಿ ಹರಿಯುವ ದಿಕ್ಕು ಅದೇ. ರಿಲೇಯ ಜಾಗದಲ್ಲಿ ಮಿಲಿ ಆಂಪಿಯರ್ ಮೀಟರ್. ಎಲ್ಲ ಸರಿಯಿದ್ದರೆ ಎರಡೂ ಸಿ.ಟಿ.ಗಳ 50 ಮಿಲಿ ಆಂಪಿಯರ್ ಒಂದನ್ನೊಂದು ಹೊಡೆದುಹಾಕಿ ಮೀಟರಿನಲ್ಲಿ ಒಂದೋ ಎರಡೋ ತೋರಬೇಕು. ತೋರಿದ್ದು 99. ವೈ, ಬಿ ಫೇಸ್‌ಗಳಲ್ಲೂ ಅಷ್ಟೇ. ಮೂರು ಫೇಸಿಗೂ ತಪ್ಪು ಬರುತ್ತಿದೆ ಎಂದರೆ ತಪ್ಪಿರುವುದು ಮೂರಕ್ಕೂ ಸಾಮಾನ್ಯವಾದ ನ್ಯೂಟ್ರಲ್ ಸಿ.ಟಿ.ಯಲ್ಲೇ. ಅದರ ಎಸ್1, ಎಸ್2 ತಂತಿಗಳು ಅದಲುಬದಲಾಗಿದ್ದವು. ಕಳೆಯಬೇಕಾದ್ದನ್ನು ಕೂಡುತ್ತಿತ್ತು.

ಈ ತಪ್ಪು ಬೇಸಿಗೆಯಿಡೀ ಅಡಗಿ ಕೂತಿದ್ದಕ್ಕೆ ಕಾರಣವಿದೆ. ಲೋಡ್ ಇದ್ದಾಗ ನ್ಯೂಟ್ರಲ್‌ನಲ್ಲಿ ಕರೆಂಟ್ ಇಲ್ಲ, ಆದ್ದರಿಂದ ತಿರುಗುಮುರುಗು ಇರುವುದು ಎಲ್ಲೂ ಕಾಣದು. ಒಳಗಿನ ದೋಷಕ್ಕೆ ಬರೀ ನ್ಯೂಟ್ರಲ್ ಸಿ.ಟಿ. ಒಂದೇ ಮಾತಾಡುವುದರಿಂದ, ದಿಕ್ಕು ಹೇಗಿದ್ದರೂ ರಿಲೇ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಹೊರಗಿನ ಮೊದಲ ಅರ್ಥ್ ಫಾಲ್ಟ್ ಬಂದಾಗ ಮಾತ್ರ ಅದು ಬಯಲಾಗುವುದು, ಅಂದರೆ ಮಳೆ ಬಂದಾಗ.

ತಂತಿ ಬಿಚ್ಚಲು ಪ್ಯಾನೆಲ್ಲಿನ ಹಿಂಬದಿ ತೆಗೆದಾಗ ಇನ್ನೊಂದು ಸಂಗತಿ ಕಂಡಿತು. ರಿಲೇಗೆ ಬರುವ ಎರಡು ಟರ್ಮಿನಲ್‌ಗಳ ನಡುವೆ ಒಂದು ತುಂಡು ತಾಮ್ರದ ತಂತಿ ಸಿಕ್ಕಿಸಿದ್ದರು. ಕೇಳಿದಾಗ, ಉತ್ಪಾದನೆ ನಿಲ್ಲಬಾರದೆಂದು ಎರಡು ವಾರದಿಂದ ಹಾಗೆ ಶಾರ್ಟ್ ಮಾಡಿಟ್ಟಿದ್ದರು, ನಾನು ಬರುತ್ತೇನೆಂದು ಅದನ್ನು ತೆಗೆಯಲು ಮರೆತಿದ್ದರು. ನನ್ನ ಮೀಟರ್ ಬೇರೆ ಟೆಸ್ಟ್ ಬ್ಲಾಕಿನಲ್ಲಿ ಇದ್ದುದರಿಂದ ಅದು ಮೊದಲು ಕಂಡಿರಲಿಲ್ಲ. ಆ ಎರಡು ವಾರ ಸುರುಳಿಯ ಕೆಳಗಿನ ಅರ್ಧಕ್ಕೆ ತ್ವರಿತ ಕಾವಲೇ ಇರಲಿಲ್ಲ. ಮುಳ್ಳು 175ರಲ್ಲಿ ಆರಾಮವಾಗಿ ನಿಂತಿರುತ್ತಿತ್ತು. ಗಿಡ್ಡದೊಂದು ತಂತಿಯ ತುಂಡು, ಹೆಬ್ಬೆರಳಿನಷ್ಟು ಉದ್ದದ್ದು. ಅದನ್ನು ಕೈಯಲ್ಲಿ ಹಿಡಿದು ಆ ಹಿರಿಯರಿಗೆ 105 ಮತ್ತು 4ರ ಲೆಕ್ಕವನ್ನು ಅವರ ಲಾಗ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ, "ಇಷ್ಟು ವರ್ಷ ಮೀಟರ್ ನೋಡಿ ನಂಬಿದ್ದೆ ಸರ" ಅಂದರು.

ಎಸ್1, ಎಸ್2 ಬದಲಿಸಿ ಮತ್ತೆ 30 ಆಂಪಿಯರ್ ಹಾಯಿಸಿದಾಗ ಮೀಟರಿನಲ್ಲಿ ಬಂದದ್ದು ಒಂದು ಮಿಲಿ ಆಂಪಿಯರ್. ತಾಮ್ರದ ತುಂಡನ್ನು ಅವರೇ ತೆಗೆದು ಜೇಬಿಗೆ ಹಾಕಿಕೊಂಡರು. ಹದಿನೈದು ದಿನಗಳ ಮೇಲೆ ಒಂದು ರಾತ್ರಿ ಅವರ ಫೋನ್ ಬಂತು. ಜೋರು ಮಳೆಯ ಸದ್ದು ಕೇಳಿಸುತ್ತಿತ್ತು. ಪಂಪ್‌ಹೌಸ್ ಫೀಡರ್ ಹೋಗಿದೆ, ಟ್ರಾನ್ಸ್‌ಫಾರ್ಮರ್ ನಿಂತಿದೆ ಎಂದರು.